ಆ ಒಂದು ನಂಬರಿನ ಮೇಲಿನ ದೂರುಗಳನ್ನು ಮತ್ತೆ ತೆರೆಯಿರಿ

ನಮ್ಮ ಮೊಬೈಲ್ ಕಂಪನಿಯ ದೂರು ಕೇಂದ್ರದಲ್ಲಿ ಕೂತು ಕೆಲಸ ಮಾಡುವ ಎಲ್ಲರಿಗೂ, ಅದರ ಕರ್ನಾಟಕ ವಲಯದ ಮೇಲ್ಮನವಿ ಪ್ರಾಧಿಕಾರದ ಅಧಿಕಾರಿಗಳಿಗೂ ಈ ಪತ್ರ.

ಕಂಪನಿಯ ಹೆಸರನ್ನು ಈ ಪತ್ರದಲ್ಲಿ ಬರೆಯುತ್ತಿಲ್ಲ. ನಮಗೆ ಕರೆ ಮಾಡುತ್ತಿರುವ ಆ ಹತ್ತಂಕಿಯ ನಂಬರನ್ನೂ ಇಲ್ಲಿ ಅಚ್ಚು ಹಾಕಿಸುತ್ತಿಲ್ಲ. ಎರಡೂ ನಿಮ್ಮ ಕಡತದಲ್ಲಿವೆ. ನಂಬರು ಮುಚ್ಚಿಡಲು ಬೇರೆ ಕಾರಣವೂ ಇದೆ. ಅದನ್ನು ಮುಂದೆ ಹೇಳುತ್ತೇನೆ.

ಹಾಸನದಲ್ಲಿರುವ ನನ್ನ ಚಿಕ್ಕಮ್ಮ ನಿವೃತ್ತ ಹೈಸ್ಕೂಲ್ ಶಿಕ್ಷಕಿ. ಪಿಂಚಣಿ ಬರುವ ಬ್ಯಾಂಕ್ ಖಾತೆಗೆ ಜೋಡಿಸಿರುವುದು ನಿಮ್ಮ ಕಂಪನಿಯ ಸಿಮ್. ಅದಿರುವುದು ಒಂದು ಕೀಪ್ಯಾಡ್ ಫೋನಿನಲ್ಲಿ. ಮೊದಲ ಸಲ ಆ ನಂಬರಿನಿಂದ ಕರೆ ಮಾಡಿದವನು ತಾನು ಟ್ರಾಯ್ ಕಚೇರಿಯವನೆಂದ. ನಿಮ್ಮ ಆಧಾರ್ ದುರುಪಯೋಗವಾಗಿದೆ, ಎರಡು ಗಂಟೆಯೊಳಗೆ ಸಿಮ್ ಬಂದ್ ಆಗುತ್ತದೆ ಎಂದು ಹೆದರಿಸಿದ. ಚಿಕ್ಕಮ್ಮ ಫೋನ್ ಇಟ್ಟರು. ಕೆಲವು ದಿನ ಬಿಟ್ಟು ಅದೇ ನಂಬರು, ಅದೇ ದನಿ, ಈ ಬಾರಿ ಖಜಾನೆ ಇಲಾಖೆಯ ಹೆಸರಿನಲ್ಲಿ. ಲೈಫ್ ಸರ್ಟಿಫಿಕೇಟ್ ಅಪ್‌ಡೇಟ್ ಆಗಿಲ್ಲ, ಪಿಪಿಒ ನಂಬರು ಹೇಳಿ, ಇಲ್ಲದಿದ್ದರೆ ಮುಂದಿನ ತಿಂಗಳ ಪಿಂಚಣಿ ನಿಲ್ಲುತ್ತದೆ ಎಂದ. ನವೆಂಬರ್ ತಿಂಗಳಲ್ಲಿ ಈ ಮಾತು ಹೇಳಿದರೆ ಯಾವ ಪಿಂಚಣಿದಾರರಿಗೂ ಎದೆ ಝಲ್ಲೆನ್ನುತ್ತದೆ, ಏಕೆಂದರೆ ಆ ಪ್ರಮಾಣಪತ್ರ ಕೊಡುವ ತಿಂಗಳೇ ಅದು. ಮೂರನೆಯ ಸಲ ಅವನು ನಿಮ್ಮವನೇ ಆದ. ನಿಮ್ಮ ಕಂಪನಿಯ ಹೆಸರು ಹೇಳಿ, ನಿಮ್ಮ ಲೈನಿನಲ್ಲಿ ದೋಷವಿದೆ, ಸರಿಪಡಿಸಲು ಒಂದು ಕೋಡ್ ಒತ್ತಿ ಮೇಡಂ ಎಂದ. ಕನ್ನಡ ಚೆನ್ನಾಗಿಯೇ ಆಡುತ್ತಿದ್ದ.

ಆ ಕೋಡ್ ಶುರುವಾಗುತ್ತಿದ್ದದ್ದು *401* ಎಂದು, ಅದರ ನಂತರ ಒಂದು ಹತ್ತಂಕಿಯ ನಂಬರು. ಚಿಕ್ಕಮ್ಮ ಅದನ್ನು ಕ್ಯಾಲೆಂಡರಿನ ಮೇಲೆ ಬರೆದುಕೊಂಡು, ಕನ್ನಡಕ ಸಿಕ್ಕಮೇಲೆ ಒತ್ತುತ್ತೇನೆ ಎಂದು ಫೋನ್ ಇಟ್ಟು ನನಗೆ ಕರೆ ಮಾಡಿದರು. ಅವರ ನಿವೃತ್ತ ಶಿಕ್ಷಕರ ಬಳಗದಲ್ಲಿರುವ, ಅದೇ ಕರೆ ಬಂದಿದ್ದ ಒಬ್ಬ ಮುಖ್ಯೋಪಾಧ್ಯಾಯರು ಮಾತ್ರ ಅಷ್ಟರಲ್ಲಿ ಒತ್ತಿಯಾಗಿತ್ತು.

ಈ ಕೋಡ್ ಏನು ಮಾಡುತ್ತದೆಂದು ನಿಮಗೆ ಗೊತ್ತು. ಆದರೂ ಈ ಪತ್ರ ಓದುವ ಇತರರಿಗಾಗಿ ಬರೆಯುತ್ತೇನೆ. ಅದು ಕರೆ ವರ್ಗಾವಣೆಯ ಆದೇಶ. ಒತ್ತಿದ ಕ್ಷಣದಿಂದ ಆ ಸಿಮ್‌ಗೆ ಬರುವ ಪ್ರತಿ ಕರೆಯೂ ವಂಚಕನ ಫೋನಿಗೆ ಹೋಗುತ್ತದೆ. ಎಸ್‌ಎಂಎಸ್‌ನಲ್ಲಿ ಬರುವ ಒಟಿಪಿ ಹೋಗುವುದಿಲ್ಲ. ಆದರೆ ಒಟಿಪಿಯನ್ನು ಕರೆ ಮಾಡಿ ಹೇಳುವ ಸೌಲಭ್ಯ ಅನೇಕ ಸೇವೆಗಳಲ್ಲಿ ಇದೆ, ವಾಟ್ಸಾಪ್‌ನಲ್ಲೂ ಇದೆ. ಮುಖ್ಯೋಪಾಧ್ಯಾಯರಿಗೆ ಆದದ್ದು ಅದೇ. ಅವರ ವಾಟ್ಸಾಪನ್ನು ವಂಚಕ ತನ್ನ ಫೋನಿನಲ್ಲಿ ತೆರೆದ, ಅದಕ್ಕೆ ಬೇಕಾದ ಅಂಕಿಗಳನ್ನು ಹೇಳುವ ಕರೆ ಅವನಿಗೇ ಹೋಯಿತು, ಆಮೇಲೆ ಅವರ ಹಳೆಯ ವಿದ್ಯಾರ್ಥಿಗಳಿಗೆಲ್ಲ 'ಆಸ್ಪತ್ರೆಯಲ್ಲಿದ್ದೇನೆ, ತುರ್ತಾಗಿ ಹಣ ಬೇಕು' ಎಂಬ ಸಂದೇಶ ಹೋಯಿತು. ಮೇಷ್ಟರು ಎಂದಮೇಲೆ ಯಾರೂ ಯೋಚಿಸಲಿಲ್ಲ. ಕೆಲವರು ಹಣ ಕಳಿಸಿಬಿಟ್ಟರು. ಸಂಜೆಯೆಲ್ಲ ಒಂದೂ ಕರೆ ಬರಲಿಲ್ಲವಲ್ಲ ಎಂದು ಮೇಷ್ಟರಿಗೆ ಅನುಮಾನ ಬಂದಾಗ ತಡವಾಗಿತ್ತು. ನೆಟ್‌ವರ್ಕ್ ಪೂರ್ತಿ ಇದ್ದೂ ಫೋನ್ ಗಂಟೆಗಟ್ಟಲೆ ರಿಂಗ್ ಆಗದಿದ್ದರೆ ಅದೇ ಮೊದಲ ಸುಳಿವು. *#21# ಒತ್ತಿದರೆ ಕರೆಗಳು ಬೇರೆಡೆಗೆ ಹೋಗುತ್ತಿವೆಯೇ ಎಂಬುದು ಪರದೆಯ ಮೇಲೆ ಬರುತ್ತದೆ. ##002# ಒತ್ತಿದರೆ ಎಲ್ಲ ವರ್ಗಾವಣೆಯೂ ರದ್ದಾಗುತ್ತದೆ. ಹಣ ಹೋಗಿದ್ದರೆ ಆ ಗಳಿಗೆಯಲ್ಲೇ 1930ಕ್ಕೆ ಕರೆ ಮಾಡಬೇಕು.

ಕೀಪ್ಯಾಡ್ ಫೋನ್ ಇದ್ದರೆ ಸುರಕ್ಷಿತ ಎಂದು ನಮ್ಮ ಹಿರಿಯರು ನಂಬಿದ್ದಾರೆ. ಬೇರೆ ಮೋಸಗಳ ವಿಷಯದಲ್ಲಿ ಅದು ಅಷ್ಟಿಷ್ಟು ನಿಜ, ಇದರಲ್ಲಿ ಅಲ್ಲ. ವರ್ಗಾವಣೆಯ ಆದೇಶ ಉಳಿಯುವುದು ಫೋನಿನೊಳಗಲ್ಲ, ನಿಮ್ಮ ನೆಟ್‌ವರ್ಕಿನಲ್ಲಿ. ಫೋನ್ ಬಂದ್ ಮಾಡಿ ತೆಗೆದರೂ ಅದು ಅಲ್ಲೇ ಇರುತ್ತದೆ. ಎಂದರೆ ವಂಚಕ ಬಳಸಿಕೊಂಡದ್ದು ನಿಮ್ಮ ಯಂತ್ರವನ್ನು. ದೂರಸಂಪರ್ಕ ಇಲಾಖೆ 2024ರ ಜನವರಿಯಲ್ಲೇ ಈ 401ರ ಕೋಡಿನ ಹೆಸರೆತ್ತಿ ಜನರನ್ನು ಎಚ್ಚರಿಸಿತ್ತು. ಈ ರೀತಿ ಕೋಡ್ ಒತ್ತಿ ಮಾಡುವ ಕರೆ ವರ್ಗಾವಣೆಯನ್ನು ಆ ವರ್ಷದ ಏಪ್ರಿಲ್ 15ರಿಂದ ನಿಲ್ಲಿಸಬೇಕೆಂದು ಕಂಪನಿಗಳಿಗೆ ಸೂಚಿಸಿತ್ತು. ಹಾಗಿದ್ದರೆ ಮೇಷ್ಟರು ಒತ್ತಿದ ಕೋಡ್ ಕೆಲಸ ಮಾಡಿದ್ದು ಹೇಗೆ? ನನ್ನ ದೂರಿನಲ್ಲಿ ಈ ಪ್ರಶ್ನೆ ಕೇಳಿದ್ದೆ. ಉತ್ತರ ಬಂದಿಲ್ಲ.

ಈಗ ದೂರಿನ ವಿಷಯಕ್ಕೆ ಬರುತ್ತೇನೆ. ನಿಮ್ಮ ಮೇಲೆ ನನ್ನ ನಿಜವಾದ ಸಿಟ್ಟು ಇರುವುದು ಇಲ್ಲಿ.

ಚಿಕ್ಕಮ್ಮನ ಪರವಾಗಿ 1909ಕ್ಕೆ ದೂರು ಕೊಟ್ಟೆ. ಮುಚ್ಚಿ ಕಳಿಸಿದಿರಿ. ಕಾರಣ, ಚಂದಾದಾರರು ಡಿಎನ್‌ಡಿ ನೋಂದಣಿ ಮಾಡಿಸಿಲ್ಲ ಎಂದು. ಬಳಗದ ಇನ್ನೊಬ್ಬರ ದೂರು ಮುಚ್ಚಿದ್ದು ಮೂರು ದಿನ ದಾಟಿದೆ ಎಂದು. ಮತ್ತೊಬ್ಬರಿಗೆ, ಕರೆಯ ವಿವರ ಸಾಲದು ಎಂದಿರಿ. ಮೇಷ್ಟರಿಗೆ, ಇದು ಜಾಹೀರಾತು ಕರೆಯಲ್ಲ, ಪೊಲೀಸರಿಗೆ ಹೋಗಿ ಎಂದಿರಿ. ಕೊನೆಗೆ ಎಲ್ಲರಿಗೂ ಒಂದೇ ಸಲಹೆ, ಆ ನಂಬರನ್ನು ನಿಮ್ಮ ಫೋನಿನಲ್ಲಿ ಬ್ಲಾಕ್ ಮಾಡಿಕೊಳ್ಳಿ.

ಈ ಕಾರಣಗಳಲ್ಲಿ ಮೊದಲ ಮೂರು ಹಳೆಯ ನಿಯಮದವು. ಅನಪೇಕ್ಷಿತ ವಾಣಿಜ್ಯ ಕರೆಗಳ ಬಗ್ಗೆ ಟ್ರಾಯ್ 2018ರಲ್ಲಿ ಮಾಡಿದ ನಿಯಮಾವಳಿಯನ್ನು 2025ರ ಫೆಬ್ರವರಿ 12ರಂದು ತಿದ್ದಿ ಪ್ರಕಟಿಸಿದೆ. ಆ ತಿದ್ದುಪಡಿಯ ಪ್ರಕಾರ, ನೋಂದಾಯಿಸದ ಕರೆದಾರರ ಮೇಲೆ ದೂರು ಕೊಡಲು ಗ್ರಾಹಕರು ಮೊದಲೇ ಡಿಎನ್‌ಡಿ ಆಯ್ಕೆ ಮಾಡಿಸಿರಬೇಕಾಗಿಲ್ಲ. ದೂರು ಕೊಡಲು ಮೂರು ದಿನವಲ್ಲ, ಏಳು ದಿನ ಅವಕಾಶವಿದೆ. ವಿವರದ ವಿಷಯದಲ್ಲೂ ಅದು ಸ್ಪಷ್ಟವಾಗಿದೆ. ದೂರು ಕೊಟ್ಟವರ ನಂಬರು, ಕರೆ ಬಂದ ನಂಬರು, ಬಂದ ದಿನಾಂಕ, ಏನು ಹೇಳಿದರೆಂಬ ನಾಲ್ಕು ಮಾತು, ಇಷ್ಟಿದ್ದರೆ ಅದು ಕ್ರಮಬದ್ಧ ದೂರು. ನಮ್ಮ ಬಳಗದವರು ಕೊಟ್ಟ ದೂರುಗಳಲ್ಲಿ ಇವಿಷ್ಟೂ ಇದ್ದವು. ಮೂವತ್ತು ವರ್ಷ ಹಾಜರಿ ಪುಸ್ತಕ ಬರೆದವರು ಅವರು, ದಿನಾಂಕ ತಪ್ಪುವುದಿಲ್ಲ.

ಒಂದು ದೂರನ್ನು ತಪ್ಪು ಕಾರಣಕ್ಕೆ ಮುಚ್ಚಿದರೆ ಒಬ್ಬರಿಗೆ ಅನ್ಯಾಯವಾಯಿತು ಎಂದಷ್ಟೇ ನಿಮಗೆ ಕಾಣಬಹುದು. ದಯವಿಟ್ಟು ಇನ್ನೊಂದು ಹೆಜ್ಜೆ ಮುಂದೆ ನೋಡಿ. ಅದೇ ತಿದ್ದುಪಡಿಯಲ್ಲಿ ಒಬ್ಬ ಕರೆದಾರನ ಮೇಲೆ ಕ್ರಮ ಶುರುವಾಗಲು ಬೇಕಾದ ಲೆಕ್ಕ ಹೇಳಿದೆ. ಮೊದಲು ಏಳು ದಿನದಲ್ಲಿ ಹತ್ತು ದೂರು ಬೇಕಿತ್ತು. ಈಗ ಹತ್ತು ದಿನದಲ್ಲಿ ಐದು ಸಾಕು. ಕ್ರಮಕ್ಕಿದ್ದ ಮೂವತ್ತು ದಿನದ ಅವಧಿ ಐದು ದಿನಕ್ಕೆ ಇಳಿದಿದೆ. ಬಳಗದ ಐದು ಜನ ಒಂದೇ ವಾರದೊಳಗೆ ಒಂದೇ ನಂಬರಿನ ಮೇಲೆ ದೂರು ಕೊಟ್ಟರು. ಐವರದೂ ದಾಖಲಾಗಿದ್ದರೆ ಆ ವಾರವೇ ಲೆಕ್ಕ ತುಂಬುತ್ತಿತ್ತು. ನೀವು ನಾಲ್ಕನ್ನು ಮುಚ್ಚಿದಿರಿ. ಉಳಿದದ್ದು ಒಂದು, ಅದೂ ಬೇರೆ ಕಂಪನಿಯ ಸಿಮ್ ಇರುವವರು ಕೊಟ್ಟದ್ದು. ಹತ್ತು ದಿನ ಕಳೆದ ಮೇಲೆ ಆ ಒಂದೂ ಲೆಕ್ಕದಿಂದ ಜಾರಿತು. ನಿಮ್ಮ ದಾಖಲೆಯಲ್ಲಿ ಆ ನಂಬರಿನ ಮೇಲೆ ದೂರುಗಳೇ ಇಲ್ಲ. ಇದ್ದ ದೂರುಗಳನ್ನು ಇಲ್ಲವೆಂದು ಮಾಡಿದ ಕೈ ನಿಮ್ಮದು. ಮೇಷ್ಟರಿಗೆ ಕರೆ ಬಂದದ್ದು ಮೊದಲ ಎರಡು ದೂರು ಮುಚ್ಚಿದ ಮೇಲೆ ಎಂಬುದನ್ನೂ ನೆನಪಿಸಬೇಕು.

ನಾಲ್ಕನೆಯ ಕಾರಣ, ಇದು ವಂಚನೆ, ನಮ್ಮ ಕೆಲಸವಲ್ಲ ಎಂಬುದು. ಇದರಲ್ಲಿ ಅರ್ಧ ಸತ್ಯವಿದೆ, ಅದನ್ನು ಒಪ್ಪುತ್ತೇನೆ. ಹಣ ಕಳೆದುಕೊಂಡವರ ದಾರಿ 1930 ಮತ್ತು ಸೈಬರ್ ಕ್ರೈಂ ಪೋರ್ಟಲ್, ಅಲ್ಲಿಂದ ಜಿಲ್ಲೆಯ ಸಿಇಎನ್ ಠಾಣೆ. ಹಣ ಹೋಗಿಲ್ಲ, ಆದರೆ ಮೋಸದ ಕರೆ ಬಂದಿದೆ ಎಂದರೆ ಸಂಚಾರ ಸಾಥಿಯಲ್ಲಿರುವ 'ಚಕ್ಷು'. 2024ರ ಮಾರ್ಚ್‌ನಲ್ಲಿ ಶುರುವಾದ ಈ ವ್ಯವಸ್ಥೆಯಲ್ಲಿ ಕಳೆದ ಮೂವತ್ತು ದಿನಗಳೊಳಗೆ ಬಂದ ಕರೆಯನ್ನು ವರದಿ ಮಾಡಬಹುದು. ನಾವು ಎರಡೂ ಕಡೆ ಮಾಡಿದ್ದೇವೆ. ಆದರೆ ಆ ಎರಡೂ ಕಡೆಯಿಂದ ಹೊರಟ ಕಾಗದ ಕೊನೆಗೆ ಬರುವುದು ನಿಮ್ಮ ಮೇಜಿಗೇ. ಸಿಮ್ ಕೊಟ್ಟವರು ನೀವು, ಅದನ್ನು ಮರುಪರಿಶೀಲಿಸಬೇಕಾದವರು ನೀವು, ನಿಲ್ಲಿಸಬೇಕಾದವರು ನೀವು. ಜೊತೆಗೆ, ಕರೆದವನು ಒಂದು ಸಲ ಖಜಾನೆಯ ಹೆಸರು ಹೇಳಿದ್ದಾನೆ, ಇನ್ನೊಂದು ಸಲ ನಿಮ್ಮ ಕಂಪನಿಯ ಹೆಸರು. ಬ್ಯಾಂಕು ಮತ್ತು ಸರ್ಕಾರಿ ಸಂಸ್ಥೆಗಳ ಸೇವಾ ಕರೆಗೆ 1600ರ ಸರಣಿ, ಪ್ರಚಾರದ ಕರೆಗೆ 140ರ ಸರಣಿ ಎಂದು ಗೊತ್ತುಮಾಡಿರುವುದೇ ಸಾಮಾನ್ಯ ಹತ್ತಂಕಿಯ ನಂಬರಿನಿಂದ ಇಂಥ ಕರೆ ಬಂದರೆ ಅನುಮಾನ ಪಡಲು. ಅನುಮಾನ ನಮಗೆ ಬಂತು. ನಿಮಗೆ ಬರಲಿಲ್ಲ.

ಅದು ನಿಮ್ಮದೇ ಸಿಮ್ ಎಂದು ನನಗೆ ಹೇಗೆ ಗೊತ್ತು ಎಂದು ಕೇಳಬಹುದು. ನಂಬರು ಉಳಿಸಿಕೊಂಡು ಕಂಪನಿ ಬದಲಿಸುವ ಸೌಲಭ್ಯ ಬಂದ ಮೇಲೆ ಮೊದಲ ಅಂಕಿಗಳನ್ನು ನೋಡಿ ಕಂಪನಿ ಹೇಳಲಾಗದು, ನಿಜ. ಆದರೆ ಬೇರೆ ಕಂಪನಿಯ ಸಿಮ್ ಇರುವ ಆ ಐದನೆಯವರ ದೂರಿಗೆ ಬಂದ ಉತ್ತರದಲ್ಲಿ, ಕರೆ ಹೊರಟ ಜಾಲ ನಿಮ್ಮದೆಂದೂ ದೂರನ್ನು ನಿಮಗೆ ಕಳಿಸಿದ್ದೇವೆಂದೂ ಇತ್ತು. ಹಾಗಾಗಿ ಚಿಕ್ಕಮ್ಮನ ವಿಷಯದಲ್ಲಿ ಕರೆ ಹೊರಟದ್ದೂ ನಿಮ್ಮಲ್ಲಿ, ಬಂದು ಮುಟ್ಟಿದ್ದೂ ನಿಮ್ಮಲ್ಲಿ. ಇನ್ನೊಂದು ಸಂಶಯವೂ ಇರಬಹುದು. ವಿದೇಶದಲ್ಲಿ ಕೂತು ಭಾರತದ ನಂಬರು ಕಾಣುವಂತೆ ಮಾಡುವ ನಕಲಿ ಕರೆಗಳಿವೆ. ಅಂಥ ಕರೆಗಳನ್ನು ಗಡಿಯಲ್ಲೇ ತಡೆಯುವ ವ್ಯವಸ್ಥೆಯನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಚಾಲೂ ಮಾಡಿತು. ನಕಲಿ ನಂಬರಾಗಿದ್ದರೆ ತಿರುಗಿ ಕರೆ ಮಾಡಿದಾಗ ಏನೂ ತಿಳಿಯದ ಮತ್ತಾರೋ ಎತ್ತಬೇಕು, ಇಲ್ಲವೇ ನಂಬರು ಚಾಲ್ತಿಯಲ್ಲಿಲ್ಲ ಎನ್ನಬೇಕು. ನಾನು ನನ್ನ ಫೋನಿನಿಂದ ಮಾಡಿದಾಗ ಅವನೇ ಎತ್ತಿದ, ಯಾವ ಇಲಾಖೆಯವರು ಎಂದು ಕೇಳಿದರೆ ನನ್ನ ಹೆಸರು ಕೇಳಿದ. ಸಿಮ್ ಅವನ ಕೈಯಲ್ಲಿದೆ.

ಆ ಸಿಮ್ ಯಾರ ಹೆಸರಿನಲ್ಲಿದೆ ಎಂದು ನಾನು ಕೇಳುತ್ತಿಲ್ಲ. ನನಗೆ ಹೇಳುವ ಅಧಿಕಾರವೂ ನಿಮಗಿಲ್ಲ, ಇರಬಾರದು. ಅದನ್ನು ಕೇಳಬೇಕಾದವರು ಪೊಲೀಸರು. ನಂಬರನ್ನು ಇಲ್ಲಿ ಅಚ್ಚು ಹಾಕಿಸದಿರುವುದಕ್ಕೂ ಇದೇ ಕಾರಣ. ಸಿಮ್ ಮಾರುವಲ್ಲಿ ಬೆರಳಚ್ಚು ಸರಿಯಾಗಿ ಬೀಳಲಿಲ್ಲ, ಇನ್ನೊಮ್ಮೆ ಒತ್ತಿ ಎಂದು ಹೇಳಿ ಒಬ್ಬರ ಹೆಸರಲ್ಲಿ ಎರಡು ಸಿಮ್ ಎಬ್ಬಿಸುವ ಮೋಸ ಹೊಸದಲ್ಲ. ಕೊಂಡವರು ಒಂದನ್ನು ತೆಗೆದುಕೊಂಡು ಹೋಗುತ್ತಾರೆ, ಇನ್ನೊಂದು ವಂಚಕರ ಕೈ ಸೇರುತ್ತದೆ. ಆ ಹೆಸರು ಯಾವುದೋ ಊರಿನ ಕೂಲಿಯವರದೋ ಹೈನು ಮಾರುವವರದೋ ಇರಬಹುದು. ನಂಬರು ಬಯಲಾದರೆ ಜನರ ಬೈಗುಳವೂ ಪೊಲೀಸರ ಮೊದಲ ಬಾಗಿಲು ಬಡಿತವೂ ಅವರಿಗೇ. ಸುಳ್ಳು ಗುರುತು ಕೊಟ್ಟು ಸಿಮ್ ಪಡೆದರೆ ಮೂರು ವರ್ಷದವರೆಗೆ ಜೈಲು, ಐವತ್ತು ಲಕ್ಷದವರೆಗೆ ದಂಡ ಎಂದು 2023ರ ದೂರಸಂಪರ್ಕ ಕಾಯ್ದೆ ಹೇಳುತ್ತದೆ. ಆ ಶಿಕ್ಷೆ ಸರಿಯಾದ ವ್ಯಕ್ತಿಗೆ ಮುಟ್ಟಬೇಕಾದರೆ ಆ ಸಿಮ್ ಅನ್ನು ಯಾವ ಅಂಗಡಿಯಲ್ಲಿ, ಯಾವ ದಿನ, ಯಾರು ಎಬ್ಬಿಸಿದರು ಎಂಬ ನಿಮ್ಮ ದಾಖಲೆ ಮೊದಲು ತೆರೆಯಬೇಕು. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ಸಂಚಾರ ಸಾಥಿಯಲ್ಲಿ ಪ್ರತಿಯೊಬ್ಬರೂ ನೋಡಬಹುದು. ನಮ್ಮ ಬಳಗದ ಒಬ್ಬರಿಗೆ ತಮ್ಮದಲ್ಲದ ಒಂದು ಸಿಮ್ ಅಲ್ಲೇ ಸಿಕ್ಕಿತು. ಅದನ್ನು 'ನನ್ನದಲ್ಲ' ಎಂದು ಗುರುತು ಹಾಕಿ ಕಳಿಸಿದ್ದೇವೆ.

ಪೊಲೀಸರು ಬರೆಯುವವರೆಗೆ ನಾವೇನು ಮಾಡಲಾಗುತ್ತದೆ ಎಂದು ನಿಮ್ಮ ಸಿಬ್ಬಂದಿಯೊಬ್ಬರು ಫೋನಿನಲ್ಲಿ ಕೇಳಿದರು. ಪಾಪ, ಅವರು ಸೌಜನ್ಯದಿಂದಲೇ ಕೇಳಿದರು, ಅವರ ಮುಂದಿರುವ ಪರದೆಯಲ್ಲಿ 'ಮುಚ್ಚು' ಎಂಬುದರ ಹೊರತು ಬೇರೆ ಗುಂಡಿ ಇದ್ದಂತಿರಲಿಲ್ಲ. ಉತ್ತರ ಅವರಿಗಲ್ಲ, ಮೇಲಿರುವ ನಿಮಗೆ. ಆ ನಂಬರಿನ ಕರೆ ದಾಖಲೆ ನಿಮ್ಮ ಬಳಿ ಇದೆ. ಎರಡು ವರ್ಷ ಅದನ್ನು ಇಟ್ಟುಕೊಳ್ಳಬೇಕೆಂಬುದು ನಿಮ್ಮ ಪರವಾನಗಿಯ ಷರತ್ತು. ಮನೆಮಂದಿ ಬಳಸುವ ನಂಬರಿಗೆ ಕರೆ ಬರುತ್ತದೆ, ಹೋಗುತ್ತದೆ, ಅವೇ ಹತ್ತಿಪ್ಪತ್ತು ಜನರ ನಡುವೆ ಸುತ್ತುತ್ತದೆ. ವಂಚಕನ ನಂಬರಿನಿಂದ ಕರೆಗಳು ಹೊರಗೆ ಹೋಗುತ್ತಲೇ ಇರುತ್ತವೆ, ಒಳಗೆ ಬರುವುದು ಬಹಳ ಕಡಿಮೆ, ಹೆಚ್ಚಿನವು ಅರ್ಧ ನಿಮಿಷವೂ ನಿಲ್ಲುವುದಿಲ್ಲ, ಏಕೆಂದರೆ ಜನ ಬೈದು ಇಡುತ್ತಾರೆ. ಒಮ್ಮೆ ಕರೆದ ನಂಬರಿಗೆ ಮತ್ತೆ ಕರೆಯುವುದು ಮೀನು ಗಾಳ ಕಚ್ಚಿದ ಗುಮಾನಿ ಇದ್ದಾಗ ಮಾತ್ರ. ಇದು ನನ್ನ ಕಲ್ಪನೆಯಲ್ಲ. ಅತಿ ಹೆಚ್ಚು ಕರೆ, ಅತಿ ಚಿಕ್ಕ ಅವಧಿ, ಹೋಗುವ ಕರೆಗೆ ಹೋಲಿಸಿದರೆ ಬರುವ ಕರೆ ತೀರ ಕಡಿಮೆ, ಇಂಥ ಲಕ್ಷಣಗಳನ್ನು ನೋಡಿ ಕಂಪನಿಗಳೇ ಅನುಮಾನದ ನಂಬರುಗಳನ್ನು ಆಗಿಂದಾಗಲೇ ಗುರುತಿಸಬೇಕೆಂದು ಅದೇ 2025ರ ತಿದ್ದುಪಡಿ ಹೇಳಿದೆ. ಒಬ್ಬರ ಮಾತನ್ನೂ ಕದ್ದು ಕೇಳದೆ, ಒಂದು ಸಂದೇಶವನ್ನೂ ಓದದೆ, ಬರೀ ಕರೆಗಳ ನಡಿಗೆಯಿಂದ ಇದು ತಿಳಿಯುತ್ತದೆ.

ಈ ಸಿಮ್ ನಿಲ್ಲಿಸಿದರೆ ನಾಳೆ ಇನ್ನೊಂದು ಹಾಕಿಕೊಂಡು ಬರುತ್ತಾನೆ ಎಂಬ ಮಾತನ್ನೂ ಕೇಳಿದ್ದೇನೆ. ಬರುತ್ತಾನೆ. ಆದರೆ ಸಿಮ್ ಬದಲಾದಷ್ಟು ಸುಲಭವಾಗಿ ಕೈಯಲ್ಲಿರುವ ಫೋನ್ ಬದಲಾಗುವುದಿಲ್ಲ. ಆ ಫೋನಿನ ಐಎಂಇಐ ಸಂಖ್ಯೆ ನಿಮ್ಮ ದಾಖಲೆಯಲ್ಲಿ ಪ್ರತಿ ಕರೆಯ ಜೊತೆ ಬೀಳುತ್ತದೆ. ಅದೇ ಫೋನಿನಲ್ಲಿ ಇದಕ್ಕೂ ಮೊದಲು ಯಾವ ಯಾವ ಸಿಮ್ ಓಡಿದವು, ಅವು ಯಾವ ಅಂಗಡಿಯಲ್ಲಿ ಹುಟ್ಟಿದವು ಎಂದು ನೋಡಿದರೆ ಸಿಮ್ ಒದಗಿಸುತ್ತಿರುವ ಕೈ ಸಿಗುತ್ತದೆ. ಐಎಂಇಐಯನ್ನೇ ತಿದ್ದುವ ಖದೀಮರೂ ಇದ್ದಾರೆ, ಆಗ ಈ ದಾರಿ ಮುಚ್ಚುತ್ತದೆ. ಆದರೆ ಒಂದೇ ನಂಬರನ್ನು ಇಷ್ಟು ಕಾಲ ಬದಲಿಸದೆ ಇಟ್ಟುಕೊಂಡವನು ಅಂಥ ಎಚ್ಚರ ವಹಿಸುವವನಂತೆ ಕಾಣುವುದಿಲ್ಲ. ಅವನು ಬದಲಿಸದಿರುವುದೇಕೆ? ಯಾರೂ ನಿಲ್ಲಿಸುವುದಿಲ್ಲ ಎಂದು ಅವನಿಗೆ ಗೊತ್ತಾಗಿದೆ.

ಇನ್ನು, ಬ್ಲಾಕ್ ಮಾಡಿಕೊಳ್ಳಿ ಎಂಬ ಸಲಹೆ. ಚಿಕ್ಕಮ್ಮನ ಫೋನಿನಲ್ಲಿ ನಾನೇ ಬ್ಲಾಕ್ ಮಾಡಿಕೊಟ್ಟಿದ್ದೇನೆ. ಅದರಿಂದ ಚಿಕ್ಕಮ್ಮ ಉಳಿದರು. ಪಕ್ಕದ ಬೀದಿಯ ಪಿಂಚಣಿದಾರರಿಗೆ ಆ ನಂಬರು ಗೊತ್ತಿಲ್ಲ. ಒಬ್ಬೊಬ್ಬರೂ ತಮ್ಮ ತಮ್ಮ ಬಾಗಿಲು ಹಾಕಿಕೊಳ್ಳುವ ಸಲಹೆಯನ್ನು ನೆರೆಯವರು ಕೊಡಬಹುದು, ಬೀದಿಯ ಗೇಟಿನ ಕೀಲಿ ಕೈಯಲ್ಲಿರುವವರು ಕೊಡಬಾರದು.

ನಾವು ಕೇಳುತ್ತಿರುವುದು ಇಷ್ಟು. ಮುಚ್ಚಿದ ನಾಲ್ಕೂ ಡಾಕೆಟ್‌ಗಳನ್ನು ಅವು ದಾಖಲಾದ ಮೂಲ ದಿನಾಂಕದಲ್ಲೇ ಮತ್ತೆ ತೆರೆದು, ಐದರ ಲೆಕ್ಕಕ್ಕೆ ಸೇರಿಸಿ. ಮೊದಲ ಉಲ್ಲಂಘನೆಗೆ ನಿಯಮದಲ್ಲಿ ಹೇಳಿರುವ ಹದಿನೈದು ದಿನದ ಹೊರಕರೆ ತಡೆಯನ್ನು ಆ ನಂಬರಿಗೆ ಹಾಕಿ, ಆ ಅವಧಿಯಲ್ಲಿ ಸಿಮ್ ಪಡೆದವರನ್ನು ಎದುರು ಕರೆದು ಗುರುತು ಮರುಪರಿಶೀಲಿಸಿ. ಹೆಸರಿನವರು ನಿರಪರಾಧಿಯೆಂದು ತಿಳಿದರೆ ಅವರನ್ನು ದೂರುದಾರರೆಂದು ದಾಖಲಿಸಿ, ಅವರ ಮೇಲೇ ತಿರುಗಬೇಡಿ. ಅದೇ ಫೋನಿನಲ್ಲಿ ಓಡಿದ ಬೇರೆ ಸಿಮ್‌ಗಳ ಪಟ್ಟಿಯನ್ನು ಹಾಸನದ ಸಿಇಎನ್ ಠಾಣೆ ಕೇಳಿದ ದಿನವೇ ಕೊಡಲು ಸಿದ್ಧವಾಗಿಟ್ಟುಕೊಳ್ಳಿ. *401*ರಿಂದ ಮೇಷ್ಟರ ಕರೆ ವರ್ಗಾವಣೆಯಾದದ್ದು ಹೇಗೆ ಎಂಬುದಕ್ಕೆ ಲಿಖಿತ ಉತ್ತರ ಕೊಡಿ. ಯಾರ ಸಿಮ್‌ನಲ್ಲಾದರೂ ಕರೆ ವರ್ಗಾವಣೆ ಶುರುವಾದರೆ ಆ ಕ್ಷಣವೇ ಅವರಿಗೆ ಕನ್ನಡದಲ್ಲಿ ಒಂದು ಎಸ್‌ಎಂಎಸ್ ಹೋಗಲಿ. ಕರೆಗಳಷ್ಟೇ ಬೇರೆಡೆಗೆ ಹೋಗುವುದರಿಂದ ಎಸ್‌ಎಂಎಸ್ ಅವರ ಕೈಗೇ ಬರುತ್ತದೆ. ಅಂಥದೊಂದು ಸಾಲು ಆ ಸಂಜೆ ಮೇಷ್ಟರ ಪರದೆಯ ಮೇಲೆ ಬಂದಿದ್ದರೆ ಅವರ ವಿದ್ಯಾರ್ಥಿಗಳ ಹಣ ಉಳಿಯುತ್ತಿತ್ತು.

ದೂರು ಕೇಂದ್ರದ ಉತ್ತರದಿಂದ ತೃಪ್ತಿಯಾಗದಿದ್ದರೆ ಮೂವತ್ತು ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು, ಅದಕ್ಕೆ ಶುಲ್ಕವಿಲ್ಲ, ಮೂವತ್ತೊಂಬತ್ತು ದಿನದೊಳಗೆ ತೀರ್ಮಾನವಾಗಬೇಕು ಎಂದು 2012ರ ನಿಯಮಾವಳಿ ಹೇಳುತ್ತದೆ. ನಾಲ್ಕೂ ಜನರ ಮೇಲ್ಮನವಿಗಳನ್ನು ಡಾಕೆಟ್ ನಂಬರು, ಕರೆ ಬಂದ ದಿನಾಂಕ ಮತ್ತು ನೀವು ಮುಚ್ಚಿದ ಸಂದೇಶಗಳ ಪ್ರತಿಯೊಂದಿಗೆ ಸಲ್ಲಿಸಿದ್ದೇವೆ. ಅಲ್ಲೂ ನ್ಯಾಯ ಸಿಗದಿದ್ದರೆ ಹಾಸನದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇವೆ. ದೂರಸಂಪರ್ಕ ಸೇವೆಯ ದೂರುಗಳನ್ನು ಗ್ರಾಹಕ ವೇದಿಕೆಗಳು ವಿಚಾರಿಸಬಹುದೆಂದು ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲಿ ಹೇಳಿದೆ. ಮೇಲ್ಮನವಿಯ ವಿಚಾರಣೆಗೆ ಮೇಷ್ಟರನ್ನೂ ಚಿಕ್ಕಮ್ಮನನ್ನೂ ಕರೆಯುವುದಾದರೆ ಹಿಂದಿನ ದಿನ ತಿಳಿಸಿ, ಕರೆದುಕೊಂಡು ಬರುತ್ತೇನೆ.

ಇತಿ,
ನಿಮ್ಮ ಚಂದಾದಾರರಲ್ಲೊಬ್ಬ,
ಹಾಸನದ ನಿವೃತ್ತ ಶಿಕ್ಷಕರ ಬಳಗದ ಪರವಾಗಿ